ಇನ್ನೂರಾ ಹತ್ತೊಂಬತ್ತು, ಐದನೇ ಕ್ರಾಸ್

ನಮ್ಮ ಮನೆಗೆ ವರ್ಷಕ್ಕೆ ಮೂರ್ನಾಲ್ಕು ಸಲ ಬೇರೆಯವರ ನೆಂಟರು ಬರ್ತಾರೆ. ಒಂದ್ಸಲ ಲಗ್ನಪತ್ರಿಕೆ ಹಿಡ್ಕೊಂಡು ಗಂಡ ಹೆಂಡ್ತಿ ಬಂದು, ನಾವು ಯಾರು ಅಂತ ಕೇಳೋ ಮೊದಲೇ ಅಕ್ಷತೆ ಕಾಳು ಕೈಗೆ ಹಾಕ್ಬಿಟ್ಟಿದ್ರು. ಇನ್ನೊಂದ್ಸಲ ಬಾಡಿಗೆಗೆ ತಂದಿದ್ದ ಮೂವತ್ತು ಪ್ಲಾಸ್ಟಿಕ್ ಕುರ್ಚಿ ಗೇಟ್ ಮುಂದೆ ಇಳಿಸಿ ಟೆಂಪೋದವನು ಹೊರಟೇ ಹೋಗಿದ್ದ. ಅವರದ್ದೇನೂ ತಪ್ಪಿಲ್ಲ. ಅವರ ಕೈಲಿದ್ದ ಚೀಟಿಲಿ 219, 5ನೇ ಕ್ರಾಸ್, 9ನೇ ಮೇನ್ ಅಂತ ಇತ್ತು, ನಮ್ಮನೆನೂ 219, 5ನೇ ಕ್ರಾಸ್, 9ನೇ ಮೇನೇ. ಚೀಟಿಲಿ ಬಿಟ್ಟುಹೋಗಿದ್ದು ಒಂದೇ ಪದ, ಸ್ಟೇಜ್. ನಮ್ಮದು ಒಂದು ಸ್ಟೇಜು, ಅವರು ಹುಡುಕ್ತಿರೋ ಮನೆ ಅದೇ ಲೇಔಟಿನ ಇನ್ನೊಂದು ಸ್ಟೇಜು, ಮಧ್ಯ ಎರಡು ಕಿಲೋಮೀಟರು ಮತ್ತೆ ಒಂದು ರಿಂಗ್ ರೋಡು. (ಲೇಔಟಿನ ಹೆಸರು ಹಾಕಲ್ಲ, ಹಾಕಿದ್ರೆ ಇನ್ನೂ ನಾಲ್ಕು ಜನ ಬಂದುಬಿಡ್ತಾರೆ. ಬೆಂಗಳೂರಿನ ದಕ್ಷಿಣದ ಕಡೆದು ಅಂದ್ಕೊಳ್ಳಿ, ಸಾಕು.)

ಹತ್ತು ವರ್ಷದಿಂದ ಈ ಅವಳಿ ಮನೆಯ ನೆಂಟರಿಗೆ ದಾರಿ ಹೇಳ್ತಾನೇ ಇದೀನಿ, ಒಂದ್ಸಲನೂ ಆ ಮನೆ ನೋಡಿರಲಿಲ್ಲ. ಕಳೆದ ಜನವರಿಲಿ ನೋಡೋ ಹಾಗಾಯ್ತು. ಅದನ್ನ ಹೇಳೋಕೆ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು, ಯಾಕಂದ್ರೆ ಮನೆ ನಂಬರ್ ಓದೋದನ್ನ ನಾನು ಕಲಿತಿದ್ದು ಬೇರೆ ಕಡೆ.

ಕೊನೆಯಿಂದ ಓದು

ಡಿಗ್ರಿ ಮುಗಿಸಿ ಕೆಲಸ ಇಲ್ಲದಿದ್ದಾಗ ಒಂದೂವರೆ ವರ್ಷ ಕೊರಿಯರ್ ಆಫೀಸೊಂದರಲ್ಲಿ ಡೆಲಿವರಿ ಮಾಡ್ತಿದ್ದೆ. ಫೋನಲ್ಲಿ ಮ್ಯಾಪ್ ಇಲ್ಲದ ಕಾಲ. ಬೆಳಿಗ್ಗೆ ಬಂದ ತಕ್ಷಣ ಕವರುಗಳನ್ನ ನೆಲದ ಮೇಲೆ ಹರಡಿ ವಿಳಾಸದ ಪ್ರಕಾರ ಜೋಡಿಸ್ಬೇಕು, ಆಮೇಲೆ ಯಾವ ಮನೆ ಆದ್ಮೇಲೆ ಯಾವ ಮನೆ ಅನ್ನೋ ಪಟ್ಟಿ, ರನ್ ಶೀಟ್ ಅಂತಾರೆ, ಅದನ್ನ ಬರೀಬೇಕು. ಮೊದಲನೇ ದಿನ ನಾನು ಎಲ್ಲರೂ ಮಾಡೋ ಹಾಗೆ ಮನೆ ನಂಬರ್ ಮೇಲೆ ಜೋಡಿಸ್ತಾ ಕೂತಿದ್ದೆ. ಅಲ್ಲಿ ಹದಿನೈದು ವರ್ಷದಿಂದ ಇದ್ದ ಒಬ್ರು, ನಾವೆಲ್ಲ ಅಣ್ಣ ಅಂತಿದ್ವಿ, ಬಂದು ನನ್ನ ಗುಡ್ಡೆಯನ್ನ ಕಾಲಲ್ಲೇ ಸರಿಸಿ, "ವಿಳಾಸನ ಕೊನೆಯಿಂದ ಓದೋ, ಮೊದಲಿಂದ ಓದಿದ್ರೆ ಸಾಯಂಕಾಲದವರೆಗೂ ಸುತ್ತುತೀಯ" ಅಂದ್ರು.

ಅಂದ್ರೆ ಮೊದಲು ಲೇಔಟು, ಆಮೇಲೆ ಸ್ಟೇಜೋ ಬ್ಲಾಕೋ, ಆಮೇಲೆ ಮೇನು, ಕ್ರಾಸು, ಕಟ್ಟಕಡೆಗೆ ನಂಬರು. ಕೇಳಿದ್ರೆ ಇದೇನು ದೊಡ್ಡ ವಿಷಯ ಅನ್ಸುತ್ತೆ, ಆದ್ರೆ ರಸ್ತೆಗಳ ಎಣಿಕೆ ಎಲ್ಲಿಂದ ಶುರುವಾಗಿ ಎಲ್ಲಿಗೆ ನಿಲ್ಲುತ್ತೆ ಅನ್ನೋದು ಒಂದೊಂದು ಲೇಔಟಲ್ಲಿ ಒಂದೊಂದು ಥರ. ಕೋರಮಂಗಲದಲ್ಲಿ ಬ್ಲಾಕ್ ಬದಲಾದ್ರೆ ಕ್ರಾಸ್ ಮತ್ತೆ ಒಂದರಿಂದ ಶುರು, ಹಾಗಾಗಿ 5ನೇ ಬ್ಲಾಕಿಗೂ ಒಂದನೇ ಕ್ರಾಸ್ ಇದೆ, 6ನೇ ಬ್ಲಾಕಿಗೂ ಇದೆ, ಬ್ಲಾಕ್ ಬರೀದೆ ಕೋರಮಂಗಲ ಒಂದನೇ ಕ್ರಾಸ್ ಅಂತ ಬರೆದ ಕವರನ್ನ ವಾಪಸ್ ಕಳ್ಸೋದೇ ವಾಸಿ. ಜಯನಗರದಲ್ಲಿ ಹಾಗಲ್ಲ, ಅಲ್ಲಿ ಕ್ರಾಸುಗಳು ಬ್ಲಾಕ್ ದಾಟಿ ಮುಂದಕ್ಕೆ ಹೋಗ್ತಾನೇ ಇರ್ತವೆ, 4ನೇ ಬ್ಲಾಕ್ ಕಾಂಪ್ಲೆಕ್ಸ್ ಹತ್ರ 30ನೇ ಕ್ರಾಸ್ ಆದ್ರೆ ದಕ್ಷಿಣಕ್ಕೆ 5ನೇ ಬ್ಲಾಕಿಗೆ ಹೋಗೋ ಹೊತ್ತಿಗೆ ಮೂವತ್ತೇಳು, ಮೂವತ್ತೆಂಟು ಆಗಿರುತ್ತೆ. ಅಲ್ಲಿ ಬ್ಲಾಕ್ ಮರೆತರೂ ಕ್ರಾಸ್ ನಂಬರೇ ಅರ್ಧ ದಾರಿ ಹೇಳಿಬಿಡುತ್ತೆ.

ದಿಕ್ಕಿನ ಕಥೆನೂ ಅಷ್ಟೇ. ಮಲ್ಲೇಶ್ವರದಲ್ಲಿ ಸಂಪಿಗೆ ರೋಡ್, ಮಾರ್ಗೋಸಾ ರೋಡ್ ಉತ್ತರ ದಕ್ಷಿಣ, ಕ್ರಾಸುಗಳು ಅಡ್ಡಕ್ಕೆ, ದಕ್ಷಿಣದಿಂದ ಎಣಿಸ್ತಾ ಹೋಗಿ ಟಾಟಾ ಇನ್‌ಸ್ಟಿಟ್ಯೂಟ್ ಕಡೆ 18ನೇ ಕ್ರಾಸ್. ಜಯನಗರದಲ್ಲಿ ಕ್ರಾಸ್ ಎಣಿಕೆ ಉತ್ತರದಿಂದ ದಕ್ಷಿಣಕ್ಕೆ. ಒಂದಕ್ಕೊಂದು ಉಲ್ಟಾ ಅನ್ಸುತ್ತೆ, ಆದ್ರೆ ಪೇಟೆ ಮಧ್ಯ ನಿಂತು ನೋಡಿದ್ರೆ ಎರಡೂ ಒಂದೇ, ಊರಿಗೆ ಹತ್ರ ಇರೋ ಕಡೆಯಿಂದ ಹೊರಗಡೆಗೆ ಎಣಿಸಿದ್ದಾರೆ. ಇದು ಎಲ್ಲಾ ಕಡೆ ನಡೆಯುತ್ತೆ ಅಂತ ನಂಬ್ಕೊಂಡು ಹೋದ್ರೆ ಮಾತ್ರ ಪೆಟ್ಟು ತಿಂತೀರ. ಇಂದಿರಾನಗರದ 12ನೇ ಮೇನ್ ನೋಡಿ, ಅದು ನೂರಡಿ ರಸ್ತೆಗೆ ಅಡ್ಡಕ್ಕೆ ಪೂರ್ವ ಪಶ್ಚಿಮ ಹೋಗುತ್ತೆ, ಮಲ್ಲೇಶ್ವರದವನ ಕಣ್ಣಿಗೆ ಅದು ಅಪ್ಪಟ ಕ್ರಾಸು. ಮೇನ್ ಅಂದ್ರೆ ಉದ್ದದ್ದು, ಕ್ರಾಸ್ ಅಂದ್ರೆ ಅದನ್ನ ಕತ್ತರಿಸೋದು, ಅಷ್ಟು ಮಾತ್ರ ನಿಜ. ಯಾವ ದಿಕ್ಕು ಅನ್ನೋದನ್ನ ಪ್ರತಿ ಲೇಔಟಲ್ಲೂ ಹೊಸದಾಗಿ ಕಂಡ್ಕೋಬೇಕು, ಅದಕ್ಕೆ ಎರಡು ಬೋರ್ಡ್ ಓದಿದ್ರೆ ಆಯ್ತು. (ಬೋರ್ಡಲ್ಲಿ ಅಡ್ಡರಸ್ತೆ, ಮುಖ್ಯರಸ್ತೆ ಅಂತ ಚೆನ್ನಾಗೇ ಬರೆದಿರ್ತಾರೆ, ಆದ್ರೆ ಒಂಬತ್ತನೇ ಮುಖ್ಯರಸ್ತೆ ಎಲ್ಲಿ ಬರುತ್ತೆ ಅಂತ ಆಟೋದವರನ್ನ ಕೇಳಿ ನೋಡಿ, ಒಂದು ಕ್ಷಣ ನಿಮ್ಮ ಮುಖ ನೋಡಿ ಆಮೇಲೆ "ಓ ನೈನ್ತ್ ಮೇನಾ" ಅಂತಾರೆ.)

ಎ, ಬಿ ಅಂತ ಬಾಲ ಇರೋ ರಸ್ತೆಗಳು ಇನ್ನೊಂದು ತಲೆನೋವು. ನಕ್ಷೇಲಿ 12 ಮತ್ತು 13ರ ಮಧ್ಯ ಏನೂ ಇರಲಿಲ್ಲ, ಆಮೇಲೆ ಅಲ್ಲೊಂದು ರಸ್ತೆ ಆಯ್ತು ಅಂದ್ಕೊಳ್ಳಿ, ಅದಕ್ಕೆ 13 ಅಂತ ಕೊಟ್ಟು ಉಳಿದಿದ್ದನ್ನೆಲ್ಲ ಒಂದೊಂದು ಮುಂದಕ್ಕೆ ತಳ್ಳೋಕಾಗಲ್ಲ, ಅಷ್ಟೊತ್ತಿಗೆ ನೂರಾರು ಕ್ರಯಪತ್ರ, ಖಾತೆ ಹಳೇ ನಂಬರಲ್ಲಿ ಆಗಿಹೋಗಿರ್ತವೆ. ಹಾಗಾಗಿ ಅದು 12ನೇ ಎ. ಜನ ಬರೆಯುವಾಗ ಆ ಎ ನುಂಗಿಹಾಕ್ತಾರೆ. ಕೆಲಸಕ್ಕೆ ಸೇರಿದ ಮೊದಲನೇ ವಾರ ಒಂದು ಚೆಕ್‌ಬುಕ್ಕನ್ನ ಎ ಇಲ್ಲದ ಕ್ರಾಸಿನ ಅದೇ ನಂಬರಿನ ಮನೆಗೆ ಕೊಟ್ಟು, ಸೈನ್ ಹಾಕಿಸ್ಕೊಂಡು, ಖುಷಿಯಿಂದ ಬಂದಿದ್ದೆ. ಮಾರನೇ ದಿನ ಅದನ್ನ ವಾಪಸ್ ಇಸ್ಕೊಳ್ಳೋಕೆ ಹೋದ್ರೆ ಆ ಮನೆಯವರು ಬೀಗ ಹಾಕ್ಕೊಂಡು ಧರ್ಮಸ್ಥಳಕ್ಕೆ ಹೋಗಿದ್ರು. ನಾಲ್ಕು ದಿನ ನಿದ್ದೆ ಮಾಡಿಲ್ಲ.

ನಂಬರ್ ಇರೋದು ನಕ್ಷೇಲಿ, ರಸ್ತೇಲಲ್ಲ

ಅಣ್ಣ ಹೇಳ್ಕೊಟ್ಟಿದ್ದರಲ್ಲಿ ನನಗೆ ಇವತ್ತಿಗೂ ಬೆಲೆ ಬಾಳೋದು ಅನ್ಸೋದು ಇದು. ಮನೆ ನಂಬರ್ ಅಂತ ನಾವೇನಂತೀವಿ ಅದು ಹೆಚ್ಚಿನ ಲೇಔಟುಗಳಲ್ಲಿ ಮನೆ ನಂಬರೇ ಅಲ್ಲ, ಸೈಟ್ ನಂಬರ್. 1945ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ ಸಿಐಟಿಬಿ ಆಗ್ಲಿ, 1976ರಲ್ಲಿ ಅದರ ಜಾಗಕ್ಕೆ ಬಂದ ಬಿಡಿಎ ಆಗ್ಲಿ, ಹೌಸಿಂಗ್ ಸೊಸೈಟಿಗಳಾಗ್ಲಿ, ಲೇಔಟ್ ಮಾಡುವಾಗ ಅಲ್ಲಿ ಮನೆ ಎಲ್ಲಿತ್ತು? ಬಯಲು, ಸುಣ್ಣದ ಗೆರೆ, ಮೂಲೇಲಿ ಕಲ್ಲು. ಡ್ರಾಫ್ಟ್ಸ್‌ಮನ್ ನಕ್ಷೆ ಮುಂದೆ ಕೂತು ಚೌಕ ಚೌಕಕ್ಕೆ ನಂಬರ್ ಹಾಕ್ತಾ ಹೋಗಿದ್ದಾನೆ, ಪೆನ್ಸಿಲ್ ಎತ್ತದೆ. ಪೆನ್ಸಿಲ್ ಹೋದ ದಾರಿ ಬೇರೆ, ನೀವು ಗಾಡಿಲಿ ಹೋಗೋ ದಾರಿ ಬೇರೆ. ಎಲ್ಲಾ ಗೋಜಲೂ ಅಲ್ಲೇ.

ನಮ್ಮ ರಸ್ತೆಯನ್ನೇ ತಗೊಳ್ಳಿ. 4ನೇ ಕ್ರಾಸಿಗೂ 5ನೇ ಕ್ರಾಸಿಗೂ ಮಧ್ಯ ಎರಡು ಸಾಲು ಸೈಟು, ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ. ಒಂದು ಸಾಲು 4ನೇ ಕ್ರಾಸಿಗೆ ಮುಖ ಮಾಡಿದೆ, ಇನ್ನೊಂದು 5ನೇ ಕ್ರಾಸಿಗೆ. ಸಾಲಿಗೆ ಹನ್ನೆರಡು. 4ನೇ ಕ್ರಾಸಿನ ಸಾಲು ಪಶ್ಚಿಮದಿಂದ 201ಕ್ಕೆ ಶುರುವಾಗಿ ಪೂರ್ವದ ತುದೀಲಿ 212ಕ್ಕೆ ನಿಲ್ಲುತ್ತೆ. ಅಲ್ಲಿಗೆ ಸಾಲು ಮುಗೀತು, ಪೆನ್ಸಿಲ್ ಏನು ಮಾಡುತ್ತೆ? ವಾಪಸ್ ಪಶ್ಚಿಮಕ್ಕೆ ಹಾರಿಹೋಗಲ್ಲ, ಅಲ್ಲೇ ಹಿಂದಕ್ಕೆ ತಿರುಗಿ 213 ಅಂತ ಹಾಕುತ್ತೆ, 5ನೇ ಕ್ರಾಸಿನ ಸಾಲಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಎಣಿಸ್ಕೊಂಡು 224ಕ್ಕೆ ಬರುತ್ತೆ. ಹೊಲ ಉಳುವಾಗ ಎತ್ತು ತಿರುಗಿದ ಹಾಗೆ. ಹಾಗಾಗಿ 212 ಮತ್ತು 213 ಹಿತ್ತಿಲ ಗೋಡೆ ಹಂಚ್ಕೊಂಡಿರೋ ಮನೆಗಳು, ಆದ್ರೆ ಒಂದರ ಬಾಗಿಲಿಂದ ಇನ್ನೊಂದರ ಬಾಗಿಲಿಗೆ ಹೋಗೋಕೆ ಮೂಲೆ ಸುತ್ಕೊಂಡು ಹೋಗ್ಬೇಕು. 212ರ ಮುಂದೆ ನಿಂತವನು ಪಕ್ಕದ್ದೇ 213 ಅಂತ ನೇರ ನಡೆದ್ರೆ ಮೇನ್ ರೋಡ್ ದಾಟಿ ಇನ್ಯಾವುದೋ ಸಾಲಿಗೆ ಹೋಗಿ ಬೀಳ್ತಾನೆ, ಅಲ್ಲಿ ನಂಬರ್ ಒಂದೇ ಸಲ 260, 270 ಅಂತಿರುತ್ತೆ. ಒಂದೊಂದೇ ಏರ್ತಿದ್ದ ನಂಬರ್ ಇದ್ದಕ್ಕಿದ್ದ ಹಾಗೆ ಹಾರಿದ್ರೆ ಅದರ ಅರ್ಥ ಸಾಲು ಮುಗೀತು, ಮುಂದಕ್ಕೆ ಹೋಗ್ಬೇಡ, ಮೂಲೆ ತಿರುಗು. ಇದೊಂದು ಗೊತ್ತಿದ್ರೆ ಅರ್ಧ ಪೆಟ್ರೋಲ್ ಉಳಿಯುತ್ತೆ.

ಇದರಲ್ಲಿ ಒಂದು ಲೆಕ್ಕ ಅಡಗಿದೆ, ಅಣ್ಣ ಅದನ್ನ "ಬೆನ್ನು ಕೂಡೋದು" ಅಂತಿದ್ರು. 201ರ ಬೆನ್ನಿಗೆ 224 ಇದೆ, ಕೂಡಿದ್ರೆ 425. 212ರ ಬೆನ್ನಿಗೆ 213, ಕೂಡಿದ್ರೆ 425. ಮಧ್ಯದಲ್ಲಿ ಎಲ್ಲಿ ನಿಂತ್ರೂ ಅಷ್ಟೇ, ಮುಂದಿನ ಸಾಲಲ್ಲಿ ಒಂದು ಏರಿದ್ರೆ ಹಿಂದಿನ ಸಾಲಲ್ಲಿ ಒಂದು ಇಳಿಯುತ್ತಲ್ಲ, ಮೊತ್ತ ಬದಲಾಗಲ್ಲ. ನಮ್ಮನೆ 219, ಹಾಗಾಗಿ ಹಿಂದುಗಡೆ ಮನೆ 206 ಆಗಿರಲೇಬೇಕು. ಆಗಿದೆ. ಅವರ ಕರಿಬೇವಿನ ಗಿಡ ನಮ್ಮ ಕಡೆ ಬಾಗಿದೆ, ಕೇಳದೇ ಕಿತ್ಕೋತೀವಿ. ರಸ್ತೆಯ ಎದುರು ಸಾಲಿಗೂ ಇದೇ ಲೆಕ್ಕ ನಡೆಯುತ್ತೆ. 224 ಮುಗಿಸಿ ಪೆನ್ಸಿಲ್ ರಸ್ತೆ ದಾಟಿ ಎದುರಿಗೇ 225 ಹಾಕಿರುತ್ತೆ, ಅದಕ್ಕೇ ಒಂದೇ ರಸ್ತೇಲಿ ಎಡಗಡೆ ನಂಬರ್ ಇಳೀತಾ ಇದ್ರೆ ಬಲಗಡೆ ಏರ್ತಾ ಇರುತ್ತೆ. ಹೊಸಬರು ತಲೆ ಕೆಟ್ಟು ಗಾಡಿ ನಿಲ್ಲಿಸೋದು ಇಲ್ಲೇ, ಒಂದ್ಸಲ ಆ ಕಡೆ ಓದ್ತಾರೆ, ಒಂದ್ಸಲ ಈ ಕಡೆ ಓದ್ತಾರೆ, ಎರಡೂ ಜಗಳ ಆಡ್ತವೆ. ಒಂದೇ ಮಗ್ಗುಲು ಹಿಡ್ಕೊಂಡು ಓದಿದ್ರೆ ಜಗಳ ಇಲ್ಲ.

ಇದು ಎಲ್ಲಿ ಕೈ ಕೊಡುತ್ತೆ ಅಂದ್ರೆ, ಸಾಲಿನ ತುದೀಲಿರೋ ಸೈಟುಗಳನ್ನ ಮೇನ್ ಕಡೆಗೆ ತಿರುಗಿಸಿಟ್ಟಿದ್ರೆ, ಅಥವಾ ಹಿಂದೆ ನಲವತ್ತು ಅರವತ್ತರ ಸಾಲು, ಮುಂದೆ ಮೂವತ್ತು ನಲವತ್ತರ ಸಾಲು ಇದ್ರೆ, ಅಥವಾ ಮಧ್ಯ ಪಾರ್ಕೋ, ಸ್ಕೂಲು ಆಸ್ಪತ್ರೆಗೆ ಅಂತ ಬಿಟ್ಟ ಸಿಎ ಸೈಟೋ ಒಂದು ಕಡೆ ಮಾತ್ರ ಕಚ್ಚಿಹೋಗಿದ್ರೆ. ಆಗ ಮೊತ್ತ ಕೂಡಲ್ಲ. ಅದಕ್ಕೇ ಒಂದು ಜೋಡಿ ನೋಡಿ ನಂಬಬಾರದು, ಎರಡು ಜೋಡಿ ನೋಡ್ಬೇಕು, ಎರಡರಲ್ಲೂ ಒಂದೇ ಮೊತ್ತ ಬಂತು ಅಂದ್ರೆ ಆ ಸಾಲು ಸಾಚಾ. ಇನ್ನು ಲೇಔಟ್ ಮಧ್ಯ ಹಳ್ಳಿ ಉಳ್ಕೊಂಡಿರುತ್ತಲ್ಲ, ಈಜಿಪುರ, ಕತ್ರಿಗುಪ್ಪೆ ಥರ, ಅಲ್ಲಿ ಯಾವ ಲೆಕ್ಕನೂ ನಡೆಯಲ್ಲ. ರಸ್ತೆ ಇದ್ದಕ್ಕಿದ್ದ ಹಾಗೆ ಸೊಟ್ಟಗಾಗಿ ಕಿರಿದಾಯ್ತು, ಮಾರಮ್ಮನ ಗುಡಿ ಬಂತು ಅಂದ್ರೆ ನಕ್ಷೆ ಮುಗೀತು ಅಂತ, ಅಲ್ಲಿ ಬಾಯಿ ಬಿಟ್ಟು ಕೇಳೋದೇ ದಾರಿ.

ಅವರೆಕಾಯಿ ಚೀಲ

ಈಗ ಜನವರಿಗೆ ಬರೋಣ. ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ ಗೇಟಲ್ಲಿ ಒಬ್ರು ಅಜ್ಜ. ಬಿಳಿ ಪಂಚೆ, ಮೇಲೊಂದು ಸ್ವೆಟರ್, ತಲೆಗೆ ಟವಲ್, ಕಾಲ ಹತ್ರ ಗೊಬ್ಬರದ ಪ್ಲಾಸ್ಟಿಕ್ ಚೀಲ ತುಂಬ ಅವರೆಕಾಯಿ. ಗೇಟಿಂದಲೇ ಸೊಗಡು ಬರ್ತಿತ್ತು. ಮಾಗಡಿ ಕಡೆಯವರು, ತಂಗಿ ಮಗಳು ಬಾಣಂತಿ, ನೋಡ್ಕೊಂಡು ಕಾಯಿ ಕೊಟ್ಟು ಹೋಗೋಕೆ ಬಂದಿದ್ದಾರೆ. ಆಟೋದವನು ಇಳಿಸಿ ಹೋಗಿದ್ದಾನೆ. ಚೀಟಿ ತೋರಿಸಿದ್ರು, ನೋಡದೇ ಗೊತ್ತಾಯ್ತು. 219, 5ನೇ ಕ್ರಾಸ್, 9ನೇ ಮೇನ್. ಅದರ ಕೆಳಗೆ ಲೇಔಟ್ ಹೆಸರು. ಸ್ಟೇಜ್ ಇಲ್ಲ.

"ಇದು ಆ ಮನೆ ಅಲ್ಲ ಅಜ್ಜ, ಅದು ಇನ್ನೊಂದು ಸ್ಟೇಜಲ್ಲಿದೆ" ಅಂದೆ.

"ಇಲ್ಲೂ ಅದೇ ನಂಬ್ರ ಹಾಕವ್ರಲ್ಲಪ್ಪ?" ಅಂದ್ರು, ನಮ್ಮ ಗೇಟನ್ನ ಬೆರಳಲ್ಲಿ ಮುಟ್ಟಿ. ಮೋಸ ಮಾಡ್ತಿದೀನೇನೋ ಅನ್ನೋ ಹಾಗೆ.

ಚೀಟಿಲಿದ್ದ ಫೋನಿಗೆ ಮಾಡಿದ್ರೆ ಸ್ವಿಚ್ ಆಫ್. ನನ್ನ ಹೆಂಡ್ತಿ ಕಾಫಿ ಕೊಟ್ಟಳು, ಕುಡಿದ್ರು. ಇನ್ನೊಂದು ಆಟೋ ಮಾಡಿ ಕಳ್ಸೋಣ ಅಂದ್ಕೊಂಡೆ, ಆಮೇಲೆ ಆ ಆಟೋದವನೂ ರಸ್ತೆ ತುದೀಲಿ ಇಳಿಸಿ ಹೋಗ್ತಾನೆ ಅನ್ಸಿ, ಹತ್ತು ವರ್ಷದ ಕುತೂಹಲನೂ ಇತ್ತಲ್ಲ, ಸ್ಕೂಟರ್ ತೆಗೆದೆ. ಚೀಲ ಕಾಲ ಹತ್ರ, ಅಜ್ಜ ಹಿಂದೆ.

ಅಲ್ಲಿ 5ನೇ ಕ್ರಾಸ್ ಸಿಗೋದು ಕಷ್ಟ ಆಗ್ಲಿಲ್ಲ, 9ನೇ ಮೇನ್ ಅದನ್ನ ಕತ್ತರಿಸೋ ಮೂಲೆನೂ ಸಿಕ್ತು. ವಿಳಾಸದಲ್ಲಿ ಎರಡು ರಸ್ತೆ ಹೆಸರಿದ್ರೆ ಸಾಮಾನ್ಯವಾಗಿ ಮೊದಲು ಬರೆದಿದ್ದರಲ್ಲಿ ಬಾಗಿಲಿರುತ್ತೆ, ಎರಡನೇದು ಹತ್ತಿರದ ಮೂಲೆ. ಮೂಲೆ ಸೈಟಿನವರು ಮಾತ್ರ ಇದಕ್ಕೆ ತಪ್ಪಿಸ್ಕೊಂಡು ಓಡಾಡ್ತಾರೆ, ಖಾತೇಲಿ ಕ್ರಾಸ್ ಇರುತ್ತೆ, ವಾಸ್ತು ನೋಡಿ ಗೇಟನ್ನ ಮೇನಿಗೆ ಇಟ್ಟಿರ್ತಾರೆ. ನಾವು ಹುಡುಕ್ತಿರೋದು ಮೂಲೆ ಮನೆ ಅಲ್ಲ ಅಂದ್ಕೊಂಡು ಕ್ರಾಸ್ ಒಳಗೆ ನುಗ್ಗಿದೆ.

ನುಗ್ಗಿದ್ರೆ ನಂಬರೇ ಇಲ್ಲ. ಒಂದು ಗೇಟಲ್ಲಿ ಡಾಕ್ಟರ್ ಹೆಸರು, ಒಂದರಲ್ಲಿ ನಾಯಿ ಇದೆ ಎಚ್ಚರಿಕೆ, ಒಂದರಲ್ಲಿ ಹೊಸದಾಗಿ ಬಡಿದಿರೋ ಪುಟ್ಟ ಪ್ಲೇಟ್, 13 ಅಂತ. ಲೇಔಟು ಕಾರ್ಪೊರೇಷನ್ ಕೈಗೆ ಹೋದ ಮೇಲೆ ರಸ್ತೆವಾರು ಹೊಸ ನಂಬರ್ ಕೊಟ್ಟಿರ್ತಾರೆ, ಕೆಲವರು ಹಾಕ್ಕೋತಾರೆ, ಕೆಲವರು ಹಳೇ ಸೈಟ್ ನಂಬರನ್ನೇ ಇಟ್ಕೋತಾರೆ, ಹೆಚ್ಚಿನವರು ಎರಡೂ ಹಾಕಲ್ಲ. ಆದ್ರೆ ಆ 13ರ ಮನೆ ಹಳೇದು, ಗೇಟಿನ ಕಂಬಕ್ಕೆ ಕೂರಿಸಿದ ಕಲ್ಲಲ್ಲಿ, ನಾಲ್ಕು ಸಲ ಬಣ್ಣ ಬಳಿದು ಮುಚ್ಚಿಹೋಗಿದ್ರೂ ಬೆರಳಾಡಿಸಿದ್ರೆ ಸಿಗೋ ಹಾಗೆ 222 ಅಂತ ಕೆತ್ತಿತ್ತು. ಅಜ್ಜ ಕುರುಡರು ಓದೋ ಹಾಗೆ ಹೆಬ್ಬೆರಳಲ್ಲಿ ಸವರಿ, "ಇನ್ನೂರಾ ಇಪ್ಪತ್ತೆರಡು. ಹಂಗಾರೆ ಮೂರನೇ ಮನೆ ಕಣಪ್ಪ" ಅಂದ್ರು.

ಸರಿನೇ, ಆದ್ರೆ ಯಾವ ಕಡೆಗೆ ಮೂರನೇದು? ಪಶ್ಚಿಮಕ್ಕೆ ಒಂದೇ ಮನೆ ಇದ್ದು ಮೇನ್ ಬರ್ತಿತ್ತು, ಹಾಗಾಗಿ ಪೂರ್ವಕ್ಕೇ. ಪೂರ್ವಕ್ಕೆ ಹೋದ್ರೆ ಪಕ್ಕದಲ್ಲೇ ಅಪಾರ್ಟ್‌ಮೆಂಟು, ಬರೀ ಹೆಸರು, ನಂಬರಿಲ್ಲ. ಇವು ಎಷ್ಟು ಸೈಟ್ ನುಂಗಿರುತ್ತೆ ಅನ್ನೋದೇ ಪ್ರಶ್ನೆ. ಎರಡು ನುಂಗಿದ್ರೆ 219 ಅದರ ಆಚೆ ಮನೆ, ಮೂರು ನುಂಗಿದ್ರೆ 219 ಅನ್ನೋದೇ ಈಗಿಲ್ಲ, ಅಪಾರ್ಟ್‌ಮೆಂಟಿನ ಒಳಗೆ ಸೇರಿಹೋಗಿದೆ. ಸೆಕ್ಯೂರಿಟಿಯನ್ನ ಕೇಳಿದ್ರೆ ಆ ಹುಡುಗ ಪಾಪ ಬಂದು ಹದಿನೈದು ದಿನ ಆಗಿತ್ತು, ಅಪಾರ್ಟ್‌ಮೆಂಟಿನ ನಂಬರೇ ಅವನಿಗೆ ಗೊತ್ತಿಲ್ಲ. ಅಪಾರ್ಟ್‌ಮೆಂಟ್ ಮುಂದೆ ಹೆಜ್ಜೆ ಹಾಕಿ ಅಳೆದೆ. ಇಲ್ಲಿ ಸೈಟೆಲ್ಲ ಮೂವತ್ತು ನಲವತ್ತು, ರಸ್ತೆಗೆ ಮೂವತ್ತಡಿ ಅಗಲ, ನನ್ನ ಒಂದು ಹೆಜ್ಜೆ ಸುಮಾರು ಎರಡೂವರೆ ಅಡಿ, ಅಂದ್ರೆ ಸೈಟಿಗೆ ಹನ್ನೆರಡು ಹೆಜ್ಜೆ. ಇಪ್ಪತ್ತೈದು ಹೆಜ್ಜೆಗೆ ಗೋಡೆ ಮುಗೀತು. ಎರಡು ಸೈಟು. ಹಾಗಾದ್ರೆ ಆಚೆ ಮನೆ.

ಆಚೆ ಮನೆ ಗೇಟಲ್ಲಿ ಮಾತೃಕೃಪ ಅಂತ ಇತ್ತು, ನಂಬರ್ ಇಲ್ಲ, ಬೆಲ್ ಒತ್ತಿದ್ರೆ ಕರೆಂಟ್ ಹೋಗಿತ್ತೋ ಏನೋ, ಸದ್ದೇ ಇಲ್ಲ. ಬಾಣಂತಿ ಇರೋ ಮನೆ, ಯಾರದ್ದೋ ಗೇಟ್ ಬಡಿದು ಎಬ್ಬಿಸೋದು ಹೇಗೆ ಅಂತ, ಬೆನ್ನು ಕೂಡಿ ನೋಡಿಬಿಡೋಣ ಅಂತ 4ನೇ ಕ್ರಾಸಿಗೆ ಸುತ್ತಿದೆ. ಅಲ್ಲಿ ಹಳೇ ಮನೆಗಳು ಜಾಸ್ತಿ ಉಳಿದಿದ್ವು. ಪಶ್ಚಿಮದಿಂದ ಎರಡನೇ ಮನೆ, ಅಂದ್ರೆ ಆ 222ರ ಬೆನ್ನಿನದು, 197. ಕೂಡಿದ್ರೆ 419. ಹಾಗಾದ್ರೆ 219ರ ಬೆನ್ನಿಗೆ 200 ಇರ್ಬೇಕು. ಮೂರು ಮನೆ ಮುಂದೆ ಹೋದ್ರೆ ಮೊಸಾಯಿಕ್ ಚಪ್ಪಡೀಲಿ ಕೂರಿಸಿದ ದೊಡ್ಡ 200, ಅದರ ಹಿಂದೆ ಮಾತೃಕೃಪದ ನೀರಿನ ಟ್ಯಾಂಕ್ ಕಾಣಿಸ್ತಿತ್ತು. ಇನ್ನೊಂದು ಜೋಡಿ ಬೇಕಿತ್ತು, ಅಷ್ಟರಲ್ಲಿ ಆ 200ರ ಕಾಂಪೌಂಡಿಗೆ ಒರಗಿಸಿದ ಇಸ್ತ್ರಿ ಗಾಡಿಯ ಹೆಂಗಸು ಸಿಕ್ಕಳು. ಕೊರಿಯರಲ್ಲಿದ್ದಾಗಿನ ಇನ್ನೊಂದು ಪಾಠ ಇದು, ದಾರಿ ಕೇಳಿದ್ರೆ ಇಸ್ತ್ರಿಯವರನ್ನ ಕೇಳು. ನಡ್ಕೊಂಡು ಹೋಗೋರು ಗೊತ್ತಿಲ್ಲದಿದ್ರೂ ಮುಂದೆ ಹೋಗಿ ರೈಟ್ ತಗೊಳ್ಳಿ ಅಂತಾರೆ, ಇಸ್ತ್ರಿಯವರಿಗೆ ಮನೆಮನೆ ಬಟ್ಟೆ ಗೊತ್ತು.

"ಹಿಂದುಗಡೆ ಮನೇಲಿ ಬಾಣಂತಿ ಇದ್ದಾರೇನಮ್ಮ?"

"ಕೆಳಗಿನ ಮನೆಯವ್ರಾ? ಮಗು ಆದ್ಮೇಲೆ ಅವ್ರ ಬಟ್ಟೆ ಬರ್ತಾನೇ ಇಲ್ಲ ಸಾರ್" ಅಂದಳು, ಪೆಟ್ಟಿಗೆಗೆ ಕೆಂಡ ತುಂಬ್ತಾ.

ಹಿಸ್ಸಾ

ವಾಪಸ್ ಸುತ್ಕೊಂಡು ಬರುವಾಗ ಅಜ್ಜನಿಗೆ ಈ ಪೆನ್ಸಿಲ್ ಕಥೆ ಹೇಳ್ತಿದ್ದೆ. ಇನ್ನೂರಾ ಹನ್ನೆರಡು ಪಕ್ಕದಲ್ಲಿ ಇನ್ನೂರಾ ಹದಿಮೂರು ಯಾಕಿರಲ್ಲ ಅಂತ. ನಾನು ಇಂಥದ್ದನ್ನ ಸಾಫ್ಟ್‌ವೇರಿನ ನನ್ನ ಸಹೋದ್ಯೋಗಿಗಳಿಗೆ ಹೇಳಿದ್ರೆ ಎರಡು ಸಲ ಚಿತ್ರ ಬರೀಬೇಕು. ಅಜ್ಜ ಅರ್ಧಕ್ಕೇ, "ಓ, ಸರ್ವೆ ನಂಬ್ರ ಇದ್ದಂಗೆ" ಅಂದ್ರು. "ನಮ್ದು ನಲವತ್ತೇಳು. ನಲವತ್ತೆಂಟು ಹಳ್ಳದಿಂದಾಚೆಗದೆ. ಪಕ್ಕದಾಗಿರಾದು ಅರವತ್ತೊಂದು."

ನಾನು ಇದನ್ನ ಯಾವತ್ತೂ ಹಾಗೆ ಯೋಚಿಸಿರಲಿಲ್ಲ. ಪಹಣಿ ಇಟ್ಕೊಂಡಿರೋ ಯಾವ ರೈತನಿಗೂ ಗೊತ್ತಿರೋ ವಿಷಯ ಅದು, ನಂಬರ್ ಅನ್ನೋದು ಅಳೆದವನು ನಡೆದ ದಾರಿ, ಪಕ್ಕದ ನಂಬರ್ ಪಕ್ಕದಲ್ಲೇ ಇರ್ಬೇಕು ಅಂತ ಯಾವ ಕಾನೂನೂ ಇಲ್ಲ. ಅಣ್ಣತಮ್ಮಂದಿರು ಭಾಗ ಆದ್ರೆ 47/1, 47/2 ಅಂತ ಹಿಸ್ಸಾ ಬೀಳುತ್ತಲ್ಲ, ಇಲ್ಲೂ ಅದೇ, ಅಪ್ಪ ತೀರ್ಕೊಂಡು ಮೂವತ್ತು ನಲವತ್ತನ್ನ ಮಧ್ಯಕ್ಕೆ ಸೀಳಿದ್ರೆ 219/1, 219/2. ಲೇಔಟ್ ಆಗೋಕೆ ಮುಂಚೆ ಈ ನೆಲಕ್ಕೂ ಒಂದು ಸರ್ವೆ ನಂಬರ್ ಇತ್ತು, ಅದರ ಮೇಲೆ ಸೈಟ್ ನಂಬರ್ ಕೂತಿದೆ, ಅದರ ಮೇಲೆ ಕಾರ್ಪೊರೇಷನ್ ನಂಬರ್.

ಗೇಟ್ ತೆಗೆದು ಒಳಗೆ ಹೋದ್ವಿ. ಒಳಗೆ ಹೋದ್ರೆ ಇನ್ನೊಂದು ಸಮಸ್ಯೆ, ಆ 219 ಅನ್ನೋದು ಒಂದು ಮನೆ ಅಲ್ಲ, ಐದು ಮನೆ. ಮೆಟ್ಟಿಲ ಕೆಳಗಿನ ಗೋಡೇಲಿ ಐದು ಕರೆಂಟ್ ಮೀಟರ್ ಸಾಲಾಗಿ. ಕೆಳಗೆ ಮುಂದೆ ಒಂದು, ಹಿಂದೆ ಒಂದು, ಮೇಲೆ ಎರಡು, ಟೆರೇಸಲ್ಲಿ ಒಂದು ರೂಮು. ಇದನ್ನ ಯಾವ ನಕ್ಷೆನೂ ಹೇಳಲ್ಲ, ಚೀಟೀಲೂ ಇಲ್ಲ. ಇಸ್ತ್ರಿಯವಳು ಕೆಳಗಿನ ಮನೆ ಅಂದಿದ್ಲು, ಕೆಳಗೇ ಎರಡು. ನಾನು ಮುಂದಿನ ಬಾಗಿಲು ತಟ್ಟೋಕೆ ಕೈ ಎತ್ತಿದ್ದೆ, ಅಜ್ಜ ನನ್ನ ತೋಳು ಹಿಡಿದು, ಮೂಗೆತ್ತಿ, ಕಾಂಪೌಂಡ್ ಗೋಡೆಗೂ ಮನೆಗೂ ಮಧ್ಯ ಇರೋ ಓಣಿ ಕಡೆ ತೋರಿಸಿದ್ರು. ಸಾಂಬ್ರಾಣಿ. ಮಗೂಗೆ ನೀರು ಹಾಕಿ ಈಗಷ್ಟೇ ಹೊಗೆ ಹಿಡಿದಿದ್ದಾರೆ. ಎರಡಡಿ ಓಣೀಲಿ ಚೀಲ ಎಳ್ಕೊಂಡು ಹೋದ್ವಿ, ಹಗ್ಗದ ತುಂಬ ಸಣ್ಣ ಸಣ್ಣ ಬಟ್ಟೆ, ಕೊನೇಲಿ ಅರ್ಧ ತೆಗೆದ ಬಾಗಿಲು.

"ಮಾವ!" ಅಂತ ಒಳಗಿಂದ ಬಂತು. ಫೋನ್ ಚಾರ್ಜಿಗೆ ಹಾಕಿದ್ರಂತೆ, ಕರೆಂಟ್ ಬೆಳಿಗ್ಗೆಯಿಂದ ಇಲ್ಲ. ಹೊಗೆ ಹಿಡೀತಿದ್ದಿದ್ದು ಆ ಹುಡುಗಿಯ ಅತ್ತೆ. ನನ್ನನ್ನ ಕೂರಿಸಿದ್ರು, ಬಾಣಂತಿ ಮನೆ ಅಂತ ಕೊಬ್ಬರಿ ಸಕ್ಕರೆ ಕೊಟ್ರು. ನಾನು 219ರವನು ಅಂದೆ, ಆ ಅತ್ತೆ ಇದು 219 ಅಲ್ವಾ ಅಂದ್ರು, ಅದನ್ನ ವಿವರಿಸೋಕೆ ಐದು ನಿಮಿಷ ಆಯ್ತು. ಅವರ ಹತ್ರ ಓನರ್ ಕೊಟ್ಟಿದ್ದ ಕಂದಾಯದ ರಸೀದಿಯ ಜೆರಾಕ್ಸ್ ಇತ್ತು, ಗ್ಯಾಸ್ ಕನೆಕ್ಷನಿಗೆ ಅಂತ ಇಸ್ಕೊಂಡಿದ್ದಂತೆ, ನೋಡಿದ್ರೆ ಹಳೇ ನಂ. 219, ಹೊಸ ನಂ. 10. ಆಗ ಹೊಳೀತು, ಆ ಮೂಲೆ ಪಕ್ಕದ ಮನೇಲಿ ಹಳೇದು 222, ಹೊಸದು 13. ಎರಡಕ್ಕೂ ವ್ಯತ್ಯಾಸ 209. 219ರಲ್ಲಿ 209 ಕಳೆದ್ರೆ 10. 10 ಅನ್ನೋ ಪ್ಲೇಟು ಗೇಟಿನ ಒಳಗಡೆ, ಮೀಟರ್‌ಗಳ ಪಕ್ಕ, ಪೊರಕೆ ಹಿಂದೆ ಇತ್ತಂತೆ. ಅಷ್ಟು ಹೆಜ್ಜೆ ಅಳೆಯೋ ಬದಲು ಒಂದು ಕಳೆಯೋ ಲೆಕ್ಕ ಸಾಕಿತ್ತು. ಅಣ್ಣ ಇದ್ದಿದ್ರೆ ಬೈತಿದ್ರು.

ಹೊರಡುವಾಗ ಅಜ್ಜ ಓಣಿ ತುದಿವರೆಗೂ ಬಂದು ಚೀಟಿ ಕೈಗಿಟ್ರು. "ಇದ್ರ ಹಿಂದ್ಗಡೆ ಸರ್ಯಾಗಿ ಬರ್ಕೊಡಪ್ಪ, ಮುಂದಿನ ಕಿತ ನಮ್ ಹುಡ್ಗ ಬತ್ತನೆ" ಅಂದ್ರು. ನಾನು ಅಭ್ಯಾಸಬಲದಿಂದ 219 ಅಂತ ಶುರು ಮಾಡಿದೆ, "ಅದು ಕೊನೇಗಿರ್ಲಿ, ಮೊದ್ಲು ಆ ಸ್ಟೇಜು ಬರಿ" ಅಂತ ತಡೆದ್ರು. ಸ್ಟೇಜ್ ಬರೆದೆ, 5ನೇ ಕ್ರಾಸ್ ಬರೆದೆ, 9ನೇ ಮೇನಿಂದ ಪೂರ್ವಕ್ಕೆ ಅಂತ ಬರೆದೆ, ಅಪಾರ್ಟ್‌ಮೆಂಟ್ ಆದ್ಮೇಲಿನ ಗೇಟು ಅಂತ ಬರೆದೆ, ಹಳೇದು 219 ಹೊಸದು 10 ಅಂತ ಬರೆದೆ, ಪಕ್ಕದ ಓಣಿ, ಹಿಂದಿನ ಬಾಗಿಲು. ಓದಿ ಹೇಳು ಅಂದ್ರು, ಓದಿದೆ. ಸ್ವಲ್ಪ ಯೋಚಿಸಿ, "ಇಸ್ತ್ರಿಯವ್ಳುದೂ ಹಾಕು" ಅಂದ್ರು. ಜಾಗ ಇರಲಿಲ್ಲ, ಅಂಚಲ್ಲಿ ಹಾಕಿದೆ.

ಮನೆಗೆ ಬಂದು ಸ್ಕೂಟರ್ ನಿಲ್ಲಿಸಿದಾಗ ನೋಡಿದ್ರೆ ಕಾಲ ಹತ್ರ ಎರಡು ಸೇರಿನಷ್ಟು ಅವರೆಕಾಯಿ ಸುರಿದು ಹೋಗಿದ್ದಾರೆ, ಯಾವಾಗ ಹಾಕಿದ್ರೋ ಗೊತ್ತಾಗ್ಲಿಲ್ಲ. ಮಧ್ಯಾಹ್ನ ಕೂತು ಸುಲಿದು, ಕಾಳು ನೀರಿಗೆ ಹಾಕಿ, ಸಂಜೆ ಹಿತುಕಿದ್ವಿ. ಕರಿಬೇವು 206ರದ್ದು.